ಕ್ಲಿಕ್ ಬಂತು, ಗಿರಾಕಿ ಬರಲಿಲ್ಲ

ಕೊನೆಕೊಯ್ಲಿನ ಹೊತ್ತಿಗೆ ಮಲೆನಾಡಿನವರ ಫೇಸ್‌ಬುಕ್ ತುಂಬ ಅಡಿಕೆ ಸುಲಿಯುವ ಯಂತ್ರಗಳ ಜಾಹೀರಾತು. ಅವನ್ನು ಮಾರುವವರ ಬಾಯಲ್ಲಿ ಒಂದು ದೂರು ಕಾಯಂ: "ಶಿವಮೊಗ್ಗಕ್ಕೆ ಆಡ್ ಬಿಟ್ಟರೆ ವಿಚಾರಣೆ ಬರುತ್ತೆ ಸಾರ್. ತೀರ್ಥಹಳ್ಳಿ, ಕೊಪ್ಪದ ಒಳಗೆ ಬಿಟ್ಟರೆ ಬರೀ ಕ್ಲಿಕ್. ಆ ಕಡೆಯವರು ಸುಮ್ನೆ ಒತ್ತಿ ನೋಡ್ತಾರೆ, ಕೊಳ್ಳಲ್ಲ."

ಅಡಿಕೆ ತೋಟ ಇರುವುದು ಕೊಪ್ಪದ ಒಳಗೆ. ಯಂತ್ರ ಬೇಕಾದವರೂ ಅಲ್ಲಿಯವರೇ. ಹಾಗಿದ್ದೂ ಪೇಟೆಯಿಂದಲೇ ಹೆಚ್ಚು ವಿಚಾರಣೆ ಬರುತ್ತಿದೆ ಎಂದರೆ, ಗಿರಾಕಿಯನ್ನು ಅನುಮಾನಿಸುವ ಮೊದಲು ಜಾಹೀರಾತು ಒತ್ತಿದ ಮೇಲೆ ತೆರೆದುಕೊಳ್ಳುವ ಪುಟವನ್ನು, ಅಂದರೆ ಲ್ಯಾಂಡಿಂಗ್ ಪೇಜನ್ನು, ಅನುಮಾನಿಸಬೇಕು. ಆ ಪುಟದ ಬಗ್ಗೆ ವ್ಯಾಪಾರಸ್ಥರಲ್ಲೂ ಅವರಿಗೆ ಆಡ್ ನಡೆಸಿಕೊಡುವವರಲ್ಲೂ ಬೇರೂರಿರುವ ಕೆಲವು ನಂಬಿಕೆಗಳು ತಪ್ಪು. ಅವಕ್ಕೆ ತೆರುತ್ತಿರುವ ಬೆಲೆ ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲ.

ನಂಬಿಕೆ: ಪುಟ ತೆರೆಯದಿದ್ದರೆ ದುಡ್ಡು ಕಟ್ ಆಗುವುದಿಲ್ಲ

ಆಗುತ್ತದೆ. ಗೂಗಲ್‌ನ ಹುಡುಕಾಟದ ಜಾಹೀರಾತಿನಲ್ಲಿ ಬೆರಳು ಒತ್ತಿದ ಕ್ಷಣಕ್ಕೇ ಕ್ಲಿಕ್ ಎಣಿಕೆಯಾಗುತ್ತದೆ. ಆಮೇಲೆ ನಿಮ್ಮ ಪುಟ ಎರಡು ಸೆಕೆಂಡಿಗೆ ಬಂತೋ, ಇಪ್ಪತ್ತು ಸೆಕೆಂಡಿಗೆ ಬಂತೋ, ಬರಲೇ ಇಲ್ಲವೋ, ಕ್ಲಿಕ್ಕಿನ ದರ ಅದೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಸಾಮಾನ್ಯವಾಗಿ ಜಾಹೀರಾತು ಪರದೆಯ ಮೇಲೆ ಕಾಣಿಸಿದ್ದಕ್ಕೇ ಲೆಕ್ಕ. ಕ್ಲಿಕ್ಕಿನ ದರ ಎಂದು ತೋರಿಸುವುದು ಖರ್ಚನ್ನು ಕ್ಲಿಕ್ಕಿನಿಂದ ಭಾಗಿಸಿದ ಸಂಖ್ಯೆ, ಅಷ್ಟೇ. ಎರಡು ಕಡೆಯೂ ಪುಟ ತೆರೆಯುವ ಮೊದಲೇ ನಿಮ್ಮ ದುಡ್ಡು ಹೋಗಿರುತ್ತದೆ.

ನಂಬಿಕೆ: ಅಷ್ಟು ಜನ ವಾಪಸ್ ಹೋಗಿದ್ದರೆ ಅನಾಲಿಟಿಕ್ಸ್‌ನಲ್ಲಿ ಕಾಣುತ್ತಿತ್ತು

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ನಂಬಿಕೆ ಇದು. ಅನಾಲಿಟಿಕ್ಸ್ ಎಂಬುದು ನಿಮ್ಮ ಪುಟದೊಳಗೇ ಕೂತಿರುವ ಒಂದು ಪುಟ್ಟ ಸ್ಕ್ರಿಪ್ಟ್. ಪುಟ ಬಂದು, ಆ ಸ್ಕ್ರಿಪ್ಟ್ ಇಳಿದು, ಫೋನಿನಲ್ಲಿ ಓಡಿದ ಮೇಲೆ ಮಾತ್ರ "ಒಬ್ಬರು ಬಂದರು" ಎಂಬ ಸುದ್ದಿ ಹೊರಡುತ್ತದೆ. ಬಿಳಿ ಪರದೆ ನೋಡಿ ನೋಡಿ ಬ್ಯಾಕ್ ಒತ್ತಿದವನು ಅದರ ಪಾಲಿಗೆ ಬಂದವನೇ ಅಲ್ಲ. ಬೌನ್ಸ್ ಲೆಕ್ಕಕ್ಕೂ ಆತ ಸಿಗುವುದಿಲ್ಲ, ಯಾಕೆಂದರೆ ಬೌನ್ಸ್ ಎನಿಸಿಕೊಳ್ಳಲೂ ಮೊದಲು ಪುಟ ತೆರೆದಿರಬೇಕು. ಜಾಹೀರಾತು ಕಂಪನಿಯ ಪುಸ್ತಕದಲ್ಲಿ ಅವನು ಕ್ಲಿಕ್, ನಿಮ್ಮ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಯಂತ್ರದ ವ್ಯಾಪಾರಿ ತಿಂಗಳಿಗೆ ₹20,000 ಸುರಿಯುತ್ತಾನೆ. ಕ್ಲಿಕ್ಕಿಗೆ ₹5 ಬಿದ್ದು ಒಟ್ಟು 4,000 ಕ್ಲಿಕ್ ಸಿಗುತ್ತವೆ. ಅರ್ಧ ಪೇಟೆಯವು, ಅರ್ಧ ತೋಟದ ಕಡೆಯವು.

ಪೇಟೆಯ 2,000 ಕ್ಲಿಕ್ಕಿನಲ್ಲಿ 1,800 ಮಂದಿಗೆ ಪುಟ ತೆರೆಯಿತು. ಅವರಲ್ಲಿ ನೂರಕ್ಕೆ ಐವರು, ಅಂದರೆ 90 ಜನ, ಫಾರ್ಮ್ ತುಂಬಿದರು. ಒಂದು ವಿಚಾರಣೆಗೆ ಬಿದ್ದದ್ದು ₹111. ತೋಟದ ಕಡೆಯ 2,000 ಕ್ಲಿಕ್ಕಿನಲ್ಲಿ ಪುಟ ತೆರೆದದ್ದು 1,100 ಮಂದಿಗೆ. ಫಾರ್ಮಿನ ಬಟನ್ ಒತ್ತಿದ ಮೇಲೂ ಸುತ್ತುವ ಚಕ್ರವನ್ನೇ ನೋಡುತ್ತ ಕೂರಬೇಕಾದ್ದರಿಂದ ತುಂಬಿ ಮುಗಿಸಿದವರು ನೂರಕ್ಕೆ ನಾಲ್ವರು, 44 ಜನ. ಒಂದು ವಿಚಾರಣೆಗೆ ₹227. ತಿಂಗಳ ವರದಿಯಲ್ಲಿ ಇವೆರಡೂ ಬೆರೆತು 134 ವಿಚಾರಣೆ, ಸರಾಸರಿ ₹149 ಎಂದು ಕಾಣುತ್ತದೆ. ಯಾರಿಗೂ ಗಾಬರಿಯಾಗುವ ಅಂಕಿ ಅಲ್ಲ. ತೋಟದ ಕಡೆ ಪುಟವನ್ನೇ ಕಾಣದ 900 ಕ್ಲಿಕ್ಕಿನ ₹4,500 ಆ ಸರಾಸರಿಯೊಳಗೆ ಅಡಗಿ ಕೂತಿರುತ್ತದೆ.

ಎರಡು ಊರಿಗೆ ಬೇರೆ ಬೇರೆ ಲೆಕ್ಕ ತೆಗೆದವನಿಗೂ ಅಪಾಯ ತಪ್ಪಿದ್ದಲ್ಲ. ₹111 ಮತ್ತು ₹227 ನೋಡಿದವನು ತೋಟದ ಕಡೆಯ ಜಾಹೀರಾತನ್ನೇ ನಿಲ್ಲಿಸುತ್ತಾನೆ. ಗೂಗಲ್‌ನಲ್ಲಿ ಸ್ವಯಂಚಾಲಿತ ಬಿಡ್ಡಿಂಗ್ ಹಾಕಿದ್ದರೆ ಆ ಕೆಲಸವನ್ನು ಅದೇ ಮಾಡುತ್ತದೆ: ಎಲ್ಲಿಂದ ಪರಿವರ್ತನೆ ಬರುವುದಿಲ್ಲವೋ ಅಲ್ಲಿ ಬಿಡ್ ತಗ್ಗಿಸುತ್ತದೆ. ನೆಟ್‌ವರ್ಕಿನ ದೋಷ ಹೀಗೆ ಗಿರಾಕಿಯ ದೋಷವಾಗಿ ದಾಖಲಾಗುತ್ತದೆ.

ಪತ್ತೆ ಮಾಡುವುದು ಕಷ್ಟವಲ್ಲ. ಮೆಟಾದ ಆಡ್ಸ್ ಮ್ಯಾನೇಜರ್‌ನಲ್ಲಿ `Link clicks` ಮತ್ತು `Landing page views` ಎಂಬ ಎರಡು ಅಂಕಣಗಳನ್ನು ಅಕ್ಕಪಕ್ಕ ತಂದು ನಿಲ್ಲಿಸಿ. ಮೊದಲನೆಯದು ಒತ್ತಿದವರು, ಎರಡನೆಯದು ಪುಟ ಕಂಡವರು. ಪುಟದಲ್ಲಿ ಮೆಟಾದ ಪಿಕ್ಸೆಲ್ ಇದ್ದರೆ ಮಾತ್ರ ಎರಡನೆಯ ಅಂಕಣ ತುಂಬುತ್ತದೆ. ಗೂಗಲ್ ಆಡ್ಸ್ ಬಳಸುವವರು ಅಲ್ಲಿನ ಕ್ಲಿಕ್ಕನ್ನು ಅನಾಲಿಟಿಕ್ಸ್‌ನ ಸೆಷನ್ ಜೊತೆ ಹೋಲಿಸಬಹುದು.

ಆದರೆ ಅಂತರವೆಲ್ಲ ನಿಧಾನಗತಿಯ ಪಾಪ ಎಂದು ಹಾರಬೇಡಿ. ಕೈತಪ್ಪಿ ಒತ್ತಿದವರಿರುತ್ತಾರೆ, ಟ್ರ್ಯಾಕಿಂಗ್ ತಡೆಯುವ ಬ್ರೌಸರ್‌ಗಳಿರುತ್ತವೆ. ಇದನ್ನು ಬೇರ್ಪಡಿಸುವ ಉಪಾಯ: ಅದೇ ಚಿತ್ರ, ಅದೇ ಮಾತು, ಅದೇ ಪುಟ ಇಟ್ಟುಕೊಂಡು ಪೇಟೆಗೊಂದು, ತೋಟದ ಕಡೆಗೊಂದು ಆಡ್ ಸೆಟ್ ಮಾಡಿ ಒಂದು ವಾರ ಓಡಿಸಿ. ಕೈತಪ್ಪಿನ ಕ್ಲಿಕ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ತೋಟದ ಕಡೆ ಮಾತ್ರ ಅಂತರ ಹಿಗ್ಗಿದ್ದರೆ ಕಾರಣ ನೆಟ್‌ವರ್ಕು ಮತ್ತು ಪುಟದ ತೂಕ.

ನಂಬಿಕೆ: ನನ್ನ ಫೋನಿನಲ್ಲಿ ತಕ್ಷಣ ತೆರೆಯುತ್ತದೆ

ತೆರೆಯದೆ ಏನು? ನೀವು ಅದನ್ನು ಅಂಗಡಿಯ ವೈಫೈನಲ್ಲಿ ನೋಡುತ್ತೀರಿ. ದಿನಾ ನೋಡುವುದರಿಂದ ಚಿತ್ರಗಳೆಲ್ಲ ನಿಮ್ಮ ಫೋನಿನ ಕ್ಯಾಶ್‌ನಲ್ಲಿ ಮೊದಲೇ ಕೂತಿವೆ. ಗಿರಾಕಿಗೆ ಅದು ಮೊದಲ ಭೇಟಿ, ಅದೂ ಫೇಸ್‌ಬುಕ್ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ. ಎಲ್ಲವನ್ನೂ ಹೊಸದಾಗಿಯೇ ಇಳಿಸಿಕೊಳ್ಳಬೇಕು.

ತೂಕದ ಲೆಕ್ಕ ಸರಳ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಮೊಬೈಲ್ ಪರೀಕ್ಷೆಗೆ ಇಟ್ಟುಕೊಂಡಿರುವ ನಿಧಾನ 4ಜಿ ವೇಗ ಸೆಕೆಂಡಿಗೆ ಸುಮಾರು 1.6 ಮೆಗಾಬಿಟ್. ಐದು ಫೋಟೋ ಓಡುವ ಸ್ಲೈಡರ್, ಯಂತ್ರ ಓಡುವ ಯೂಟ್ಯೂಬ್ ವಿಡಿಯೊ, ಮೂಲೆಯಲ್ಲಿ ಚಾಟ್ ಡಬ್ಬಿ, ಎರಡು ಮೂರು ಟ್ರ್ಯಾಕಿಂಗ್ ಸ್ಕ್ರಿಪ್ಟ್ ಸೇರಿ ಪುಟ 3 ಎಂಬಿ ಆಗಿದ್ದರೆ ಅದು 24 ಮೆಗಾಬಿಟ್, ಅಂದರೆ ಪೂರ್ತಿ ಇಳಿಯಲು 15 ಸೆಕೆಂಡ್. ಗುಡ್ಡದ ಮರೆಯಲ್ಲಿ, ಸಂಜೆ ಊರೆಲ್ಲ ಒಂದೇ ಟವರಿಗೆ ಜೋತುಬಿದ್ದ ಹೊತ್ತಿನಲ್ಲಿ ವೇಗ 0.4 ಮೆಗಾಬಿಟ್‌ಗೆ ಇಳಿಯಿತೆನ್ನಿ, ಪೂರಾ ಒಂದು ನಿಮಿಷ ಬೇಕು. ಫೋನಿನ ತುದಿಯಲ್ಲಿ 4ಜಿ ಎಂದೇ ಬರೆದಿರುತ್ತದೆ, ಕಡ್ಡಿಗಳೂ ಪೂರ್ತಿ ಇರಬಹುದು. ಕಡ್ಡಿ ಹೇಳುವುದು ಸಿಗ್ನಲ್ಲಿನ ಬಲವನ್ನು. ಟವರಿನಲ್ಲಿ ಎಷ್ಟು ಜನ ಪಾಲು ಕೇಳುತ್ತಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ತೂಕದಷ್ಟೇ ಕಾಡುವ ಇನ್ನೊಂದು ಸಂಗತಿಯಿದೆ, ಹೋಗಿಬರುವ ಸಮಯ. ಪುಟದ ಮೊದಲ ಅಕ್ಷರ ಬರುವ ಮುನ್ನ ಫೋನು ವಿಳಾಸ ಹುಡುಕಬೇಕು, ಸರ್ವರ್ ಜೊತೆ ಸಂಪರ್ಕ ಕಟ್ಟಬೇಕು, ಭದ್ರತೆಯ ಕೀಲಿ ಹೊಂದಿಸಿಕೊಳ್ಳಬೇಕು, ಆಮೇಲೆ ಪುಟ ಕೇಳಬೇಕು. ಕನಿಷ್ಠ ನಾಲ್ಕು ಬಾರಿ ಹೋಗಿಬರುವ ಕೆಲಸ. ಒಳ್ಳೆಯ ನೆಟ್‌ವರ್ಕಿನಲ್ಲಿ ಒಂದೊಂದು ಬಾರಿಗೆ 50 ಮಿಲಿಸೆಕೆಂಡ್ ಹಿಡಿದರೆ ಯಾರಿಗೂ ತಿಳಿಯುವುದಿಲ್ಲ. ಅದೇ 400 ಆದರೆ ಬಿಳಿ ಪರದೆಯ ಮುಂದೆಯೇ 1.6 ಸೆಕೆಂಡ್ ಕಳೆಯಿತು. ಜಾಹೀರಾತಿನ ಕೊಂಡಿ ಮೊದಲು ಚಿಕ್ಕ ಕೊಂಡಿಯ ಸೇವೆಗೆ ಹೋಗಿ ಅಲ್ಲಿಂದ ನಿಮ್ಮ ಸೈಟಿಗೆ ತಿರುಗುತ್ತಿದ್ದರೆ ಇಷ್ಟೂ ಕೆಲಸ ಇನ್ನೊಮ್ಮೆ. ದುಬಾರಿ ಹೋಸ್ಟಿಂಗ್ ಕೊಂಡವರು "ಇನ್ನೂ ನಿಧಾನವೇ ಇದೆಯಲ್ಲ" ಎಂದು ಗೊಣಗುವುದು ಇದಕ್ಕೇ. ಸರ್ವರ್ ಚುರುಕಾದ ಮಾತ್ರಕ್ಕೆ ಗುಡ್ಡದಾಚೆಯ ಟವರ್ ಚುರುಕಾಗುವುದಿಲ್ಲ.

ಕನ್ನಡ ಪುಟಗಳಿಗೆ ಇನ್ನೊಂದು ತೊಡಕು. ಅಲಂಕಾರಕ್ಕೆಂದು ಬೇರೆ ಫಾಂಟ್ ಹಾಕಿದರೆ, ಅದು ಇಳಿಯುವವರೆಗೆ ಕ್ರೋಮ್ ಮೂರು ಸೆಕೆಂಡಿನವರೆಗೂ ಅಕ್ಷರಗಳನ್ನು ಬಚ್ಚಿಡುತ್ತದೆ. ಒತ್ತಕ್ಷರಗಳ ದೆಸೆಯಿಂದ ಕನ್ನಡ ಫಾಂಟಿನ ಕಡತ ಹಗುರವೂ ಅಲ್ಲ. ಫಾಂಟಿನ ಸಿಎಸ್‌ಎಸ್‌ನಲ್ಲಿ `@font-face` ಒಳಗೆ ಈ ಒಂದು ಸಾಲು ಸೇರಿಸಿದರೆ ಫೋನಿನಲ್ಲಿರುವ ಅಕ್ಷರದಲ್ಲೇ ಪಠ್ಯ ಮೊದಲು ಕಾಣಿಸಿಕೊಳ್ಳುತ್ತದೆ:

```css
font-display: swap;
```

ನನ್ನನ್ನು ಕೇಳಿದರೆ ಯಂತ್ರ ಮಾರುವ ಪುಟಕ್ಕೆ ಬೇರೆ ಫಾಂಟೇ ಬೇಡ.

ನಂಬಿಕೆ: ಆಡ್‌ನ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ

ಮೆಟಾದಲ್ಲಿ ಗುರಿಯನ್ನು ಕ್ಲಿಕ್‌ನಿಂದ ಪುಟ ವೀಕ್ಷಣೆಗೆ ಬದಲಿಸಿ ಎಂಬ ಸಲಹೆ ಬಹಳ ಚಾಲ್ತಿಯಲ್ಲಿದೆ. ಹಾಗೆ ಮಾಡಿದರೆ ಎರಡು ಅಂಕಣಗಳ ಅಂತರ ಕುಗ್ಗುತ್ತದೆ, ನಿಜ. ಆದರೆ ಪುಟ ತೆರೆಯುವ ಸಾಧ್ಯತೆ ಯಾರಲ್ಲಿ ಹೆಚ್ಚೋ ಅವರಿಗೇ ಜಾಹೀರಾತು ತೋರಿಸು ಎಂದು ನೀವು ಹೇಳಿದಂತಾಯಿತು. ಭಾರದ ಪುಟ ಹಾಗೇ ಉಳಿದರೆ ಅವರು ಒಳ್ಳೆಯ ನೆಟ್‌ವರ್ಕ್ ಇರುವವರೇ ಆಗುವ ಸಂಭವ ಜಾಸ್ತಿ. ವರದಿ ಚೆಂದವಾಗುತ್ತದೆ, ತೋಟದವನು ಪಟ್ಟಿಯಿಂದ ಜಾರಿಹೋಗುತ್ತಾನೆ. ಮೊದಲು ಪುಟ ಹಗುರಾಗಲಿ, ಆಮೇಲೆ ಗುರಿ ಬದಲಿಸಿ.

ಹಗುರ ಮಾಡುವುದೆಂದರೆ ಬಹುಪಾಲು ತೆಗೆದುಹಾಕುವ ಕೆಲಸ. ಸ್ಲೈಡರ್ ಹೋಗಲಿ. ಯಂತ್ರದ ಒಂದೇ ಫೋಟೋ ಇರಲಿ, ವೆಬ್‌ಪಿ ರೂಪದಲ್ಲಿ 80 ಕೆಬಿಯೊಳಗೆ. ವಿಡಿಯೊ ಇದ್ದಲ್ಲಿ ಅದರ ಚಿತ್ರ ಮಾತ್ರ ಇಟ್ಟು, ಒತ್ತಿದರೆ ಮಾತ್ರ ಪ್ಲೇಯರ್ ಇಳಿಯುವಂತೆ ಮಾಡಿ. ಚಾಟ್ ಡಬ್ಬಿಯ ಬದಲು ಒತ್ತಿದರೆ ಕರೆ ಹೋಗುವ ಫೋನ್ ನಂಬರ್ ಸಾಕು. ಬೆಲೆ, ಗಂಟೆಗೆ ಎಷ್ಟು ಅಡಿಕೆ ಸುಲಿಯುತ್ತದೆ, ಸರ್ವಿಸ್ ಎಲ್ಲಿ ಸಿಗುತ್ತದೆ ಎಂಬುದು ಬರೀ ಅಕ್ಷರದಲ್ಲಿ ಮೇಲೇ ಇರಲಿ. ಅಕ್ಷರಕ್ಕೆ ತೂಕವೇ ಇಲ್ಲ. 3 ಎಂಬಿಯ ಪುಟ ಹೀಗೆ 400 ಕೆಬಿಗೆ ಇಳಿದರೆ 1.6 ಮೆಗಾಬಿಟ್‌ನಲ್ಲಿ ಎರಡೇ ಸೆಕೆಂಡ್, 0.4ರಲ್ಲಿ ಎಂಟು. ಎಂಟೂ ಹೆಚ್ಚೇ. ಆದರೆ ಅಕ್ಷರ ಮೊದಲು ಬಂದುಬಿಟ್ಟಿರುವುದರಿಂದ ಓದುತ್ತ ಕಾಯಲು ಏನಾದರೂ ಇರುತ್ತದೆ.

ಪುಟವನ್ನೇ ಬಿಟ್ಟು, ಆ್ಯಪ್‌ನೊಳಗೇ ತೆರೆಯುವ ಮೆಟಾದ ಫಾರ್ಮ್ ಅಥವಾ ನೇರ ವಾಟ್ಸಾಪ್‌ಗೆ ಹೋಗುವ ಜಾಹೀರಾತನ್ನೂ ಬಳಸಬಹುದು. ದುರ್ಬಲ ನೆಟ್‌ವರ್ಕಿನಲ್ಲಿ ಅವು ಬೇಗ ತೆರೆಯುತ್ತವೆ. ಸುಲಭವಾಗಿ ತುಂಬುವ ಫಾರ್ಮಿನಲ್ಲಿ ಸುಮ್ಮನೆ ತುಂಬಿದವರೂ ಜಾಸ್ತಿ, ಆ ಎಚ್ಚರ ಇರಲಿ.

ಬಜೆಟ್ ಏರಿಸುವ ಅಥವಾ ಒಂದು ತಾಲ್ಲೂಕನ್ನೇ ಪಟ್ಟಿಯಿಂದ ಕೈಬಿಡುವ ಮುನ್ನ, ಆ ಊರಿನ ಪರಿಚಯದವರೊಬ್ಬರಿಗೆ ಸಂಜೆ ಏಳರ ನಂತರ ಕೊಂಡಿ ಕಳಿಸಿ, ಇದುವರೆಗೆ ನಿಮ್ಮ ಪುಟ ತೆರೆಯದ ಫೋನಿನಲ್ಲಿ ವೈಫೈ ಇಲ್ಲದೆ ಒತ್ತಲು ಹೇಳಿ, ಬೆಲೆ ಕಾಣಿಸಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ.