ಊರಿಗೆ ಎಷ್ಟು ಗಾಣದ ಎಣ್ಣೆ ಬೇಕು?

ತಾಲ್ಲೂಕು ಕೇಂದ್ರವೊಂದರಲ್ಲಿ ಮರದ ಗಾಣ ಹಾಕಿ ಕಡಲೆಕಾಯಿ ಎಣ್ಣೆ ಮಾರಬೇಕೆಂದು ಒಬ್ಬರು ಹೊರಟಿದ್ದಾರೆ ಎಂದುಕೊಳ್ಳಿ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, 10 ಲಕ್ಷ ರೂಪಾಯಿ ಮಿತಿಯೊಳಗೆ, ಸಹಾಯಧನಕ್ಕೆ ಅವಕಾಶ ಮಾಡಲಾಯಿತು. ಉಳಿದದ್ದಕ್ಕೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಯೋಜನಾ ವರದಿ ಬೇಕು. ಗಾಣದ ಬೆಲೆ, ಮೋಟಾರು, ಶೆಡ್ಡು, ಕೂಲಿ ಎಲ್ಲಕ್ಕೂ ಕೊಟೇಶನ್ ಸಿಗುತ್ತದೆ. ಮಾರುಕಟ್ಟೆಯ ಗಾತ್ರ ಎಂಬ ಕಲಂಗೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಈ ಊರಿನಲ್ಲಿ ತಿಂಗಳಿಗೆ ಎಷ್ಟು ಲೀಟರ್ ಗಾಣದ ಎಣ್ಣೆ ಮಾರಾಟವಾಗುತ್ತದೆ ಎಂದು ಯಾವ ಇಲಾಖೆಯೂ ಲೆಕ್ಕ ಇಟ್ಟಿಲ್ಲ.

ಹೆಚ್ಚಿನ ವರದಿಗಳಲ್ಲಿ ಆ ಕಲಂ ತುಂಬುವ ರೀತಿ ಒಂದೇ. ದೇಶದ ಖಾದ್ಯ ತೈಲ ಮಾರುಕಟ್ಟೆ ಇಷ್ಟು ಸಾವಿರ ಕೋಟಿ, ಅದರಲ್ಲಿ ನಮಗೆ ಇಷ್ಟು ಪಾಲು ಸಿಕ್ಕರೂ ಸಾಕು ಎಂದು ಬರೆದು ಮುಗಿಸುತ್ತಾರೆ. ಆ ಸಂಖ್ಯೆಗೂ ಊರಿನ ಗಿರಾಕಿಗೂ ಯಾವ ಸಂಬಂಧವೂ ಇಲ್ಲ. ಸಾಲ ಕೊಡುವವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದೆ ಅದನ್ನು ನಂಬಿ ಕೂರುವವರು ಸಾಲ ತೆಗೆದುಕೊಳ್ಳುವವರೇ.

ಲೆಕ್ಕ ಸಿಗದ ಕಡೆ ಅದನ್ನು ಮೂರು ದಾರಿಯಿಂದ ಕಟ್ಟಬಹುದು. ದೇಶದ ಅಥವಾ ಉದ್ಯಮದ ಸರಾಸರಿಯನ್ನು ಊರಿಗೆ ಇಳಿಸುವುದು ಒಂದು. ಕೆಲವೇ ಮನೆಗಳನ್ನು ಕೇಳಿ ಊರಿಗೆ ಹರಡುವುದು ಇನ್ನೊಂದು. ಈಗಾಗಲೇ ಮಾರುತ್ತಿರುವವರ ಉತ್ಪಾದನೆಯನ್ನು ಎಣಿಸುವುದು ಮೂರನೆಯದು. ಮೂರರಲ್ಲಿ ಯಾವುದೊಂದೂ ತಾನಾಗಿ ನಂಬಲರ್ಹವಲ್ಲ. ಆದರೆ ಒಂದೊಂದು ದಾರಿ ತಪ್ಪುವ ಕಾರಣವೂ ಬೇರೆಬೇರೆ. ಆದ್ದರಿಂದ ಅವು ಎಲ್ಲಿ ಹತ್ತಿರ ಬರುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಲೆಕ್ಕಕ್ಕೆ 60 ಸಾವಿರ ಜನ, 15 ಸಾವಿರ ಮನೆ ಇರುವ ಊರನ್ನು ಇಟ್ಟುಕೊಳ್ಳೋಣ. ತಿಪಟೂರು, ಸಿರಾ, ಚಳ್ಳಕೆರೆ ಪಟ್ಟಣಗಳು 2011ರ ಜನಗಣತಿಯಲ್ಲಿ ಹೆಚ್ಚುಕಡಿಮೆ ಈ ಗಾತ್ರದವೇ ಆಗಿದ್ದವು. 2021ರ ಗಣತಿ ನಡೆಯಲಿಲ್ಲವಾದ್ದರಿಂದ ಇಂದಿನ ಮನೆಗಳ ಸಂಖ್ಯೆಯೂ ಒಂದು ಅಂದಾಜೇ. ನಗರಸಭೆಯ ಆಸ್ತಿ ತೆರಿಗೆ ಪಟ್ಟಿ, ಗೃಹಬಳಕೆಯ ವಿದ್ಯುತ್ ಸಂಪರ್ಕ, ಪಡಿತರ ಚೀಟಿಗಳ ಎಣಿಕೆ ಈ ಮೂರನ್ನು ಪಕ್ಕಪಕ್ಕ ಇಟ್ಟು ಅದನ್ನು ತಾಳೆ ನೋಡಬೇಕು. ಇನ್ನು ಮುಂದೆ ಬರುವ ಸಮೀಕ್ಷೆಯ ಉತ್ತರಗಳು, ಗಾಣಗಳ ಎಣಿಕೆ, ಖರ್ಚಿನ ಅಂಕಿ ಎಲ್ಲವೂ ವಿಧಾನ ತೋರಿಸಲು ನಾನೇ ಹಾಕಿಕೊಂಡ ಉದಾಹರಣೆಗಳು.

ಮೊದಲ ದಾರಿಗೆ ಬರೋಣ. ನೀತಿ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತೀಯರ ಸರಾಸರಿ ಖಾದ್ಯ ತೈಲ ಬಳಕೆ ತಲೆಗೆ ವರ್ಷಕ್ಕೆ 19.7 ಕೆ.ಜಿ. ಇದನ್ನು 60 ಸಾವಿರದಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 12 ಲಕ್ಷ ಕೆ.ಜಿ. ಬರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಪ್ರಶ್ನೆಗೆ ಇದು ಉತ್ತರವಲ್ಲ. ದೇಶಕ್ಕೆ ಒಟ್ಟು ಎಷ್ಟು ಎಣ್ಣೆ ಒದಗಿತು ಎಂಬುದನ್ನು ಜನಸಂಖ್ಯೆಗೆ ಹಂಚಿ ಬರುವ ಇಂಥ ಲೆಕ್ಕದಲ್ಲಿ ಹೋಟೆಲಿನ ಬಾಣಲೆ, ಬೇಕರಿ, ಬಿಸ್ಕತ್ತು, ಚಿಪ್ಸ್ ಎಲ್ಲವೂ ಸೇರಿವೆ. ಮನೆಗಳನ್ನೇ ಕೇಳಿದ ರಾಷ್ಟ್ರೀಯ ಮಾದರಿ ಸಮೀಕ್ಷೆ 2011-12ರಲ್ಲಿ ಕಂಡದ್ದು ಬೇರೆ. ನಗರ ಪ್ರದೇಶದಲ್ಲಿ ತಲೆಗೆ ತಿಂಗಳಿಗೆ 853 ಗ್ರಾಂ, ಅಂದರೆ ವರ್ಷಕ್ಕೆ 10 ಕೆ.ಜಿ.ಗೆ ಸ್ವಲ್ಪ ಮೇಲೆ. ಕಾಲದ ಅಂತರವೂ ಇದರಲ್ಲಿ ಸೇರಿದೆಯಾದರೂ, ಎರಡೂ ಅಂಕಿಗಳು ಅಳೆಯುತ್ತಿರುವ ವಸ್ತುವೇ ಬೇರೆ. ಗಾಣದ ಎಣ್ಣೆಯ ಗಿರಾಕಿ ಮನೆಯವರು. ನಮಗೆ ಬೇಕಾದದ್ದು ಮನೆಗಳ ಅಂಕಿ.

ನಾಲ್ಕು ಜನರ ಮನೆಗೆ ತಿಂಗಳಿಗೆ 3.4 ಕೆ.ಜಿ. ಆಯಿತು. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ತೂಗುವುದು ಸುಮಾರು 910 ಗ್ರಾಂ. ಹಾಗಾಗಿ ಇದು 3.4 ಲೀಟರ್ ಅಲ್ಲ, ಮೂರು ಮುಕ್ಕಾಲು ಲೀಟರ್. ಕೆ.ಜಿ.ಯನ್ನೇ ಲೀಟರ್ ಎಂದು ಬರೆದುಬಿಟ್ಟರೆ ಇಲ್ಲೇ ಶೇ 10ರ ತಪ್ಪು ನುಸುಳುತ್ತದೆ. 2022-23 ಮತ್ತು 2023-24ರಲ್ಲಿ ಕೌಟುಂಬಿಕ ಬಳಕೆ ವೆಚ್ಚದ ಹೊಸ ಸಮೀಕ್ಷೆಗಳು ನಡೆದಿವೆ. ನಿಜವಾದ ವರದಿ ಬರೆಯುವವರು ಅವುಗಳಲ್ಲಿ ಕರ್ನಾಟಕದ ನಗರ ಪ್ರದೇಶದ ಸಾಲನ್ನೇ ತೆಗೆದುಕೊಳ್ಳಬೇಕು. ಇಲ್ಲಿ ಬೇಕೆಂದೇ ಹಳೆಯ ಅಂಕಿ ಹಿಡಿದಿದ್ದೇನೆ, ಸಣ್ಣ ಸಮೀಕ್ಷೆ ಅದನ್ನು ಹೇಗೆ ಪರೀಕ್ಷಿಸುತ್ತದೆ ಎಂದು ಕಾಣಲಿ ಎಂದು.

ಈ ದಾರಿ ಹೇಳುವುದು ಎಲ್ಲ ಬಗೆಯ ಎಣ್ಣೆಯ ಒಟ್ಟು ಮೊತ್ತವನ್ನು: ಊರಿಗೆ ತಿಂಗಳಿಗೆ ಸುಮಾರು 56 ಸಾವಿರ ಲೀಟರ್. ಅದರಲ್ಲಿ ರಿಫೈನ್ಡ್ ಸೂರ್ಯಕಾಂತಿ ಎಷ್ಟು, ಪಾಮ್ ಎಷ್ಟು, ಗಾಣದ್ದು ಎಷ್ಟು ಎಂಬುದನ್ನು ಮನೆ ಬಾಗಿಲಲ್ಲೇ ಕೇಳಬೇಕು.

ಎರಡನೆಯ ದಾರಿಗೆ 60 ಮನೆ ಸಾಕು, ಆದರೆ ಯಾವ 60 ಎಂಬುದರಲ್ಲೇ ಎಲ್ಲವೂ ಇದೆ. ಪರಿಚಯದವರು, ವಾಟ್ಸ್ಆ್ಯಪ್ ಗುಂಪಿನವರು, ಸಾವಯವ ಸಂತೆಗೆ ಬರುವವರು ಬೇಡ. ಬೇರೆಬೇರೆ ಬಗೆಯ ಆರು ವಾರ್ಡ್ ಆರಿಸಿ, ಪ್ರತಿ ವಾರ್ಡಿನಲ್ಲಿ ಒಂದು ಬೀದಿಯ ತುದಿಯಿಂದ ಹೊರಟು ಪ್ರತಿ ಹತ್ತನೆಯ ಮನೆಯ ಬಾಗಿಲು ತಟ್ಟಬೇಕು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವುದಲ್ಲ, ಸಂಜೆ ಅದೇ ಮನೆಗೆ ಮರಳಿ ಬರಬೇಕು. ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೆಲ್ಲ ಲೆಕ್ಕದಿಂದ ಜಾರಿಹೋಗುತ್ತವೆ.

ಕೇಳುವ ರೀತಿಯೂ ಅಷ್ಟೇ ಮುಖ್ಯ. “ಅಕ್ಕಾ, ಒಳ್ಳೆ ಗಾಣದ ಎಣ್ಣೆ ಮನೆ ಹತ್ತಿರಾನೇ ಸಿಕ್ಕರೆ ತಗೋತೀರಾ?” ಎಂದರೆ ಹತ್ತರಲ್ಲಿ ಎಂಟು ಮಂದಿ ಹೂಂ ಎನ್ನುತ್ತಾರೆ. ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದು ಎಂಬ ಸೌಜನ್ಯ ಅದು, ಖರೀದಿಯ ಮಾತಲ್ಲ. “ಹೋದ ತಿಂಗಳು ಯಾವ ಎಣ್ಣೆ ತಂದಿರಿ, ಎಷ್ಟು, ಎಲ್ಲಿಂದ, ಎಷ್ಟು ಕೊಟ್ಟಿರಿ?” ಎಂದು ಕೇಳಬೇಕು. ಸಾಧ್ಯವಾದರೆ ಕ್ಯಾನನ್ನೋ ಪ್ಯಾಕೆಟ್ಟನ್ನೋ ನೋಡಬೇಕು. ನಡೆದುಹೋದ ಖರೀದಿಗೆ ಮಾತ್ರ ತೂಕವಿದೆ.

ಇಲ್ಲಿ ಮೊದಲ ದಾರಿ ಎರಡನೆಯದಕ್ಕೆ ನೆರವಾಗುತ್ತದೆ. ಗಾಣದ ಎಣ್ಣೆಯ ಜೊತೆಗೆ ಒಟ್ಟು ಎಣ್ಣೆಯನ್ನೂ ಕೇಳಿರುತ್ತೇವಲ್ಲ, ಅದರ ಸರಾಸರಿ ನಮಗೆ ಮೊದಲೇ ತಿಳಿದಿದೆ. 60 ಮನೆಗಳ ಸರಾಸರಿ 4.3 ಲೀಟರ್ ಬಂದರೆ ಮೂರು ಮುಕ್ಕಾಲಿಗಿಂತ ತುಸು ಹೆಚ್ಚು. ಅಳತೆಗೋಲು ಹಳೆಯದು, ಬಳಕೆ ಬೆಳೆದಿರಬಹುದು ಎಂದು ಒಪ್ಪಬಹುದು. 6 ಲೀಟರ್ ಬಂದರೆ ಒಪ್ಪಬಾರದು. ಒಂದೋ ನಾವು ಉಳ್ಳವರ ಬೀದಿಗಳಲ್ಲೇ ಸುತ್ತಿದ್ದೇವೆ, ಇಲ್ಲವೇ ಹಬ್ಬದ ತಿಂಗಳಲ್ಲಿ ಕೇಳಿದ್ದೇವೆ. ಗೌರಿ-ಗಣೇಶದಿಂದ ದೀಪಾವಳಿಯವರೆಗೆ ಕರಿದದ್ದೇ ಕರಿದದ್ದು. ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಪ್ರತಿ ಸಣ್ಣ ಸಮೀಕ್ಷೆಯಲ್ಲೂ ಸೇರಿಸಬೇಕು. ಸಮೀಕ್ಷೆ ವಾಲಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

60ರಲ್ಲಿ 9 ಮನೆಯವರು ಗಾಣದ ಎಣ್ಣೆ ತಂದಿದ್ದೇವೆ, ತಿಂಗಳಿಗೆ ಸರಾಸರಿ 2 ಲೀಟರ್ ಎಂದರು ಎಂದುಕೊಳ್ಳೋಣ. ಶೇ 15 ಆಯಿತು. ಊರಿಗೆ ಹರಡಿದರೆ 2,250 ಮನೆ, 4,500 ಲೀಟರ್. ಆದರೆ 60 ಮನೆಯ ಮಾತಿನಲ್ಲಿ ಆ ಶೇ 15 ಎಂಬುದು ನಿಜವಾಗಿ 8ರಿಂದ 26ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಲೀಟರಿನಲ್ಲಿ ಹೇಳಿದರೆ 2,400ರಿಂದ 7,800. ಈ ಅಗಲವನ್ನು ಅರ್ಧಕ್ಕೆ ಇಳಿಸಲು ಇನ್ನೂ 60 ಮನೆ ಸಾಲದು, ನಾಲ್ಕು ಪಟ್ಟು, ಅಂದರೆ 240 ಮನೆ ಬೇಕು. ಅಷ್ಟು ತಿರುಗುವ ಬದಲು ಮೂರನೆಯ ದಾರಿ ಹಿಡಿಯುವುದು ಲೇಸು.

ಊರಿನಲ್ಲಿ ಈಗಾಗಲೇ ಮೂರು ಗಾಣಗಳಿವೆ. ದಿನಕ್ಕೆ ಎಷ್ಟು ಮಾರುತ್ತೀರಿ ಎಂದು ಕೇಳಿದರೆ ಹೊಸ ಪೈಪೋಟಿಗಾರನಿಗೆ ಯಾರೂ ನಿಜ ಹೇಳುವುದಿಲ್ಲ. ಆದರೆ ಹಿಂಡಿಯ ಲೆಕ್ಕ ಬಚ್ಚಿಡುವುದು ಕಷ್ಟ, ಏಕೆಂದರೆ ಅದನ್ನು ಕೊಳ್ಳುವವರು ಹಸು ಕಟ್ಟಿದ ನೂರಾರು ಮಂದಿ. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಕಡಲೆಬೀಜ ಬೇಕು, ಒಂದೂವರೆ ಕೆ.ಜಿ. ಹಿಂಡಿ ಉಳಿಯುತ್ತದೆ. ಗಾಣವೊಂದರಿಂದ ದಿನಕ್ಕೆ 27 ಕೆ.ಜಿ. ಹಿಂಡಿ ಹೋಗುತ್ತದೆ ಎಂದು ತಿಳಿದರೆ ಎಣ್ಣೆ 18 ಲೀಟರ್. ತಿಂಗಳಿಗೆ 25 ದಿನ, ಮೂರು ಗಾಣ, ಒಟ್ಟು 1,350 ಲೀಟರ್. ಬೀಜ ಕೊಡುವ ಮಂಡಿಯಲ್ಲಿ ಮೂಟೆಗಳನ್ನು ವಿಚಾರಿಸಿದರೆ ಇದೇ ಲೆಕ್ಕಕ್ಕೆ ಇನ್ನೊಂದು ಸಾಕ್ಷಿ.

ಸಮೀಕ್ಷೆ 4,500 ಎನ್ನುತ್ತದೆ, ಗಾಣಗಳು 1,350 ಎನ್ನುತ್ತವೆ. ಇಲ್ಲಿ ಬಹಳ ಜನ ಎರಡನ್ನೂ ಕೂಡಿಸಿ ಅರ್ಧ ಮಾಡಿ 2,925 ಎಂದು ಬರೆಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಎರಡು ಅಂಕಿ ಹೀಗೆ ದೂರ ನಿಂತಿವೆ ಎಂದರೆ ಅವು ಎರಡು ಬೇರೆ ವಸ್ತುಗಳನ್ನು ಎಣಿಸಿವೆ ಎಂದು ಅರ್ಥ. ಆ 9 ಮನೆಗಳಿಗೆ ಮರಳಿ ಹೋಗಬೇಕು.

ಹೋದರೆ ಸಾಮಾನ್ಯವಾಗಿ ಕಾಣುವುದು ಹೀಗೆ. ನಾಲ್ಕು ಮನೆಯವರು ಊರಿನ ಗಾಣದಿಂದಲೇ ತಂದಿದ್ದಾರೆ. ಇಬ್ಬರ ಎಣ್ಣೆ ಸೂಪರ್ ಮಾರ್ಕೆಟಿನ ಬಾಟಲಿ, ಬೇರೆ ಊರಿನ ಬ್ರ್ಯಾಂಡು. ಇಬ್ಬರು ತಂದದ್ದು ಕಬ್ಬಿಣದ ಎಕ್ಸ್‌ಪೆಲ್ಲರ್ ಮಿಲ್ಲಿನದು. ರಿಫೈನ್ಡ್ ಅಲ್ಲದ್ದೆಲ್ಲ ಅವರ ಮಾತಿನಲ್ಲಿ ಗಾಣದ ಎಣ್ಣೆಯೇ. ಉಳಿದ ಒಬ್ಬರು ಹೊಲದ ಕಾಯಿ ಒಯ್ದು ಹಳ್ಳಿಯಲ್ಲಿ ಆಡಿಸಿಕೊಂಡು ಬಂದವರು, ಅವರು ಯಾರಿಂದಲೂ ಕೊಳ್ಳುವುದಿಲ್ಲ. ಈಗ ನಾಲ್ಕು ಮನೆಯ ಲೆಕ್ಕ ಊರಿಗೆ 2,000 ಲೀಟರ್ ಆಗುತ್ತದೆ. ಹಿಂಡಿಯ 1,350ರ ಹತ್ತಿರ ಬಂತು. ಬಾಟಲಿಯ ಎರಡು ಮನೆ ಸೇರಿಸಿದರೆ 3,000. ನಾಲ್ಕು, ಆರು ಮನೆಗಳ ಮೇಲೆ ನಿಂತ ಅಂಕಿಗಳಿವು, ಆದ್ದರಿಂದ ಕೆಳಗಿನ ತುದಿಗೆ ಎಣಿಸಿ ಪಡೆದ 1,350ನ್ನೇ ಇಟ್ಟುಕೊಂಡು, ಮೇಲಿನ ತುದಿಗೆ 3,000 ಎನ್ನಬಹುದು.

ಈ ಅಂತರ ಇನ್ನೂ ದೊಡ್ಡದಲ್ಲವೇ ಎನಿಸಬಹುದು. ಅದು ಸಾಕೇ ಎಂಬುದನ್ನು ಹೇಳುವುದು ಹೊಸ ಗಾಣದ ಖರ್ಚು. ಬಾಡಿಗೆ, ಕೂಲಿ, ಸಾಲದ ಕಂತು ಸೇರಿ ತಿಂಗಳಿಗೆ 30 ಸಾವಿರ, ಬೀಜದ ಬೆಲೆ ಕಳೆದು ಹಿಂಡಿಯ ಹಣ ಸೇರಿಸಿ ಲೀಟರಿಗೆ 100 ರೂಪಾಯಿ ಉಳಿತಾಯ ಎಂದಿಟ್ಟುಕೊಂಡರೆ, ನಷ್ಟವಾಗದಿರಲು 300 ಲೀಟರ್ ಮಾರಬೇಕು. 3,000ದಲ್ಲಿ ಅದು ಹತ್ತನೆಯ ಒಂದು ಪಾಲು. 1,350ರಲ್ಲಿ ಐದನೆಯ ಒಂದಕ್ಕಿಂತ ಹೆಚ್ಚು. ನಾಲ್ಕನೆಯ ಗಾಣಕ್ಕೆ ಸಮಪಾಲು ಸಿಕ್ಕರೆ ಕೆಳಗಿನ ತುದಿಯಲ್ಲೂ ಬದುಕುತ್ತದೆ, ಆದರೆ ಉಸಿರಾಡಲು ಜಾಗ ಸ್ವಲ್ಪವೇ. ಉಳಿತಾಯ 100ರ ಬದಲು 60 ಆದರೆ 500 ಲೀಟರ್ ಬೇಕು, ಆಗ ಕೆಳಗಿನ ತುದಿಯಲ್ಲಿ ಗಾಣ ನಿಲ್ಲದು. ಅಂದರೆ ಈ ಯೋಜನೆಯಲ್ಲಿ ಇನ್ನು ಹೆಚ್ಚು ವಿಚಾರಿಸಬೇಕಾದದ್ದು ಮಾರುಕಟ್ಟೆಯ ಗಾತ್ರವನ್ನಲ್ಲ, ಬೀಜದ ಬೆಲೆಯ ಏರಿಳಿತವನ್ನು.

ವರದಿಯಲ್ಲಿ ಒಂದೇ ಅಂಕಿ ಬರೆಯಬೇಡಿ. 1,350ರಿಂದ 3,000 ಎಂದೇ ಬರೆದು, ಪ್ರತಿ ಅಂಕಿಯ ಮುಂದೆ ಅದು ಯಾವ ವರ್ಷದ್ದು, ಎಲ್ಲಿಂದ ಬಂತು, ಯಾವುದು ಎಣಿಸಿದ್ದು, ಯಾವುದು ಊಹಿಸಿದ್ದು ಎಂದು ನಮೂದಿಸಿ. 60 ಮನೆಗಳ ಉತ್ತರದ ಹಾಳೆಗಳನ್ನು ಹೆಸರು ತೆಗೆದು ಕೊನೆಗೆ ಲಗತ್ತಿಸಿ. ಸಾಲದ ಅರ್ಜಿ ನೋಡುವವರು ಅನುಮಾನವಿದ್ದರೆ ಅವೇ ಬೀದಿಗಳಲ್ಲಿ ಹತ್ತು ಮನೆ ಕೇಳಿ ಪರೀಕ್ಷಿಸಿಕೊಳ್ಳಬಹುದು.