ಗುಂಡಿ ಮುಚ್ಚಿತು, ಧನ್ಯವಾದಕ್ಕೂ ಲೆಕ್ಕವಿರಲಿ

ಬೆಂಗಳೂರಿನ ವಾರ್ಡ್‌ ನಿವಾಸಿಗಳ ಸಂಘಗಳು ರಸ್ತೆಗುಂಡಿಯ ಬಗ್ಗೆ ದೂರು ಕೊಡುವುದು ಹೊಸದಲ್ಲ. 1533 ಸಹಾಯವಾಣಿಗೆ ಕರೆ ಮಾಡುತ್ತಾರೆ, ಎಂಜಿನಿಯರ್‌ಗೆ ಫೋಟೊ ಕಳಿಸುತ್ತಾರೆ. ಗುಂಡಿ ಮುಚ್ಚಿದ ಮೇಲೆ ಸದಸ್ಯರಿಗೆಲ್ಲ ತಿಳಿಸಿ ಅಧಿಕಾರಿಗಳಿಗೆ ಧನ್ಯವಾದ ಹೇಳುವುದೂ ಅಷ್ಟೇ ಮುಖ್ಯ. ಆದರೆ ಬರೆಯುವ ಮುನ್ನ ರಸ್ತೆಗಿಳಿದು ಒಮ್ಮೆ ನೋಡಬೇಕು.

ಡಾಂಬರು ರಸ್ತೆಯ ಮುಖ್ಯ ಶತ್ರು ನೀರು. ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಪದರವನ್ನು ಸಡಿಲಿಸುತ್ತದೆ, ಮೇಲೆ ಓಡಾಡುವ ವಾಹನಗಳು ಜಲ್ಲಿಯನ್ನು ಕಿತ್ತೆಸೆಯುತ್ತವೆ. ಹಾಗಾಗಿ ಗುಂಡಿಗೆ ಜಲ್ಲಿ ಸುರಿದು ಸಲಿಕೆಯಲ್ಲಿ ತಟ್ಟಿದರೆ ಅದು ದುರಸ್ತಿಯಲ್ಲ. ಗುಂಡಿಯ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರವಾಗಿ, ಅಂಚು ನೇರ ನಿಲ್ಲುವಂತೆ ಕತ್ತರಿಸಬೇಕು. ಒಳಗಿನ ಮಣ್ಣು, ನೀರು ತೆಗೆದು, ತಳಕ್ಕೂ ಅಂಚಿಗೂ ತೆಳುವಾಗಿ ಡಾಂಬರು ದ್ರಾವಣ ಬಳಿದು, ಬಿಸಿ ಮಿಶ್ರಣ ತುಂಬಿ ರೋಲರ್‌ ಓಡಿಸಬೇಕು. ಮಿಶ್ರಣ ಆರಿಹೋದರೆ ಎಷ್ಟು ಒತ್ತಿದರೂ ಬಿಗಿಯಾಗದು.

ತೇಪೆ ಅಂಕುಡೊಂಕಾಗಿದ್ದರೆ, ಕಾಲಲ್ಲಿ ಕೆರೆದಾಗ ಜಲ್ಲಿ ಎದ್ದರೆ, ಮಳೆ ನಿಂತ ಮೇಲೂ ಅಲ್ಲಿ ನೀರು ನಿಂತಿದ್ದರೆ ಅನುಮಾನಪಡಬೇಕು.

ಒಳ್ಳೆಯ ಧನ್ಯವಾದದ ಒಕ್ಕಣೆ ಹೀಗಿರುತ್ತದೆ: ‘ಬಸ್‌ ನಿಲ್ದಾಣದ ಎದುರಿನ ಗುಂಡಿಯನ್ನು ನಿನ್ನೆ ಚೌಕವಾಗಿ ಕತ್ತರಿಸಿ ಮುಚ್ಚಲಾಗಿದೆ. ದೂರು ಸಂಖ್ಯೆ, ಮೊದಲಿನ ಮತ್ತು ಈಗಿನ ಫೋಟೊ ಜೊತೆಗಿದೆ. ವಾರ್ಡ್‌ ಸಹಾಯಕ ಎಂಜಿನಿಯರ್‌ ಅವರಿಗೂ ಕೆಲಸ ಮಾಡಿದ ಕಾರ್ಮಿಕರಿಗೂ ಧನ್ಯವಾದಗಳು. ಪಕ್ಕದ ಚರಂಡಿ ಇನ್ನೂ ಕಟ್ಟಿಕೊಂಡಿದೆ, ದಯವಿಟ್ಟು ಗಮನಿಸಿ.’

ಈ ಬರಹವನ್ನು ಜೋಪಾನವಾಗಿಡಿ. ಗುತ್ತಿಗೆದಾರರ ನಿರ್ವಹಣಾ ಹೊಣೆಯ ಅವಧಿ ಮುಗಿಯುವ ಮೊದಲೇ ರಸ್ತೆ ಕಿತ್ತುಬಂದರೆ, ಅವರ ಖರ್ಚಿನಲ್ಲೇ ಸರಿಪಡಿಸುವಂತೆ ಕೇಳಲು ದಿನಾಂಕವಿರುವ ಈ ಫೋಟೊಗಳೇ ಆಧಾರ.