ನೆಲ ಹುಡುಕುವ ಗ್ಯಾಸು, ಅಟ್ಟ ಏರುವ ಗ್ಯಾಸು

ಮಂಡ್ಯದ ಗದ್ದೆಯ ಕೆಸರಿಗೆ ಕಾಲಿಟ್ಟರೆ ಗುಳುಗುಳು ಎಂದು ಏಳುವ ಗುಳ್ಳೆಗಳನ್ನು ಯಾರು ನೋಡಿಲ್ಲ? ವಿ.ಸಿ. ನಾಲೆಯ ನೀರು ನಿಂತ ಭತ್ತದ ಗದ್ದೆಯಲ್ಲಿ, ಗಾಳಿ ಸಿಗದ ಮಣ್ಣಿನೊಳಗೆ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲು ತಿಂದು ಹೊರಬಿಡುವ ಅನಿಲ ಅದು. ಹೆಸರು ಮೀಥೇನ್. ಅದರಲ್ಲಿ ಬಹುಪಾಲು ಗುಳ್ಳೆಯಾಗಿ ಬರುವುದೂ ಇಲ್ಲ, ಭತ್ತದ ಪೈರಿನ ಟೊಳ್ಳು ಕಾಂಡದೊಳಗಿಂದಲೇ ಸದ್ದಿಲ್ಲದೆ ಆಕಾಶಕ್ಕೆ ಹೋಗುತ್ತದೆ! 1776ರಲ್ಲಿ ಇಟಲಿಯ ಮಜೋರೆ ಸರೋವರದ ದಡದಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಕೋಲಿನಿಂದ ಕೆಸರು ಕದಡಿ ಹಿಡಿದಿಟ್ಟದ್ದೂ ಇದನ್ನೇ. ಈಗ ಅದೇ ಮೀಥೇನ್ ಹಳದಿ ಪೈಪಿನಲ್ಲಿ ನಮ್ಮ ಬೀದಿಗಳಿಗೆ ಬರುವ ಕಾಲ. ಮೈಸೂರು, ಮಂಡ್ಯ, ಚಾಮರಾಜನಗರ ಮೂರು ಜಿಲ್ಲೆಗಳನ್ನು ಒಂದೇ ಪ್ರದೇಶವೆಂದು ಸೇರಿಸಿ, ಮನೆಮನೆಗೆ ಅನಿಲ ಕೊಡುವ ಪರವಾನಗಿಯನ್ನು ಕೇಂದ್ರದ ನಿಯಂತ್ರಣ ಮಂಡಳಿ 2019ರ ಹತ್ತನೇ ಸುತ್ತಿನಲ್ಲಿ ಹಂಚಿತು.

ಮಳವಳ್ಳಿಯ ಅಡುಗೆಮನೆಯಲ್ಲಿ ಕೆಂಪು ಸಿಲಿಂಡರ್, ಮಂಡ್ಯದ ಪೈಪ್ ಬಂದ ಬೀದಿಯ ಅಡುಗೆಮನೆಯಲ್ಲಿ ಗೋಡೆಗೆ ಅಂಟಿದ ಮೀಟರು. ಒಲೆ ಒಂದೇ ಥರ, ನೀಲಿ ಉರಿ ಒಂದೇ ಥರ, ಮೂಗಿಗೆ ಹೊಡೆಯುವ ಕೊಳೆತ ಎಲೆಕೋಸಿನ ವಾಸನೆಯೂ ಹೆಚ್ಚುಕಡಿಮೆ ಒಂದೇ. ಆದರೆ ಸೋರಿದ ಆ ಕ್ಷಣದಿಂದ ಇವೆರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ನಡೆಯುತ್ತವೆ. ಒಂದು ನೆಲಕ್ಕೆ, ಇನ್ನೊಂದು ಸೂರಿಗೆ!

ಕಾರಣ ತೂಕ. ನಮ್ಮ ಸುತ್ತ ಇರುವ ಗಾಳಿ ಒಂದು ಘನ ಮೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. ಪ್ರೊಪೇನ್, ಬ್ಯೂಟೇನ್ ಬೆರೆತ ಸಿಲಿಂಡರ್ ಗ್ಯಾಸು ಅದೇ ಜಾಗದಲ್ಲಿ ಎರಡು ಕೆ.ಜಿ.ಗೂ ಹೆಚ್ಚು. ಮೀಥೇನ್ ಬರೀ 650 ಗ್ರಾಂ. ಹೀಗಾಗಿ ಸಿಲಿಂಡರಿನದು ಕಾಲುವೆ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಕಟ್ಟೆಯ ಕೆಳಗೆ ಇಳಿಯುತ್ತದೆ, ಫ್ರಿಡ್ಜಿನ ಅಡಿಗೆ ನುಗ್ಗುತ್ತದೆ, ಬಚ್ಚಲ ಮೋರಿಗೆ ಇಳಿಯುತ್ತದೆ, ಇಲ್ಲವೇ ಸಂಪಿನ ಮುಚ್ಚಳದ ಸಂದಿಗೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಎತ್ತರದ ಹೊಸ್ತಿಲು ಇರುತ್ತದಲ್ಲ, ಅದು ಈ ಗ್ಯಾಸಿಗೆ ಸಾಕ್ಷಾತ್ ಅಣೆಕಟ್ಟು! ಬಾಗಿಲು ತೆರೆದೇ ಇದ್ದರೂ ಹೊಸ್ತಿಲ ಮಟ್ಟ ತುಂಬುವ ತನಕ ಅಡಿಯ ಗ್ಯಾಸು ಒಳಗೇ ಮಲಗಿರುತ್ತದೆ.

ಹೊರಗೆ ರಸ್ತೆಯಲ್ಲಾದರೂ ಅದರ ಗುಣ ಅದೇ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿತು. ಸೋರಿದ ಗ್ಯಾಸಿಗೆ ಬೆಂಕಿ ತಗುಲಿ ರಸ್ತೆ ಬದಿಯ ಮನೆಗಳವರೂ ಬಲಿಯಾದರು. ನೆಲ ಬಿಡದೆ ಹರಡುವ ಗ್ಯಾಸಿಗೆ ಕಿಡಿ ತನ್ನ ಬಳಿಯೇ ಇರಬೇಕೆಂದಿಲ್ಲ, ಹೋಗುವ ದಾರಿಯಲ್ಲಿ ಎಲ್ಲಾದರೂ ಒಂದಿದ್ದರೆ ಸಾಕು.

ಪೈಪಿನ ಗ್ಯಾಸು ಹಾಗಲ್ಲ. ಅದು ಮೇಲೇಳುತ್ತದೆ, ಸೂರು ಸಿಕ್ಕಿದ ಮೇಲೆ ಅಡ್ಡ ಹರಡುತ್ತದೆ. ಹಂಚಿನ ಮನೆಯಲ್ಲಾದರೆ ಹೊಗೆಗೆಂದು ಅಜ್ಜಂದಿರು ಬಿಟ್ಟ ಗವಾಕ್ಷಿಯಿಂದ, ಹಂಚಿನ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ. ಸೌದೆ ಒಲೆಗೆಂದು ಕಟ್ಟಿದ ಮನೆ ಮೀಥೇನಿಗೆ ಇಷ್ಟು ಚೆನ್ನಾಗಿ ಒಗ್ಗುತ್ತದೆಂದು ಯಾರು ಎಣಿಸಿದ್ದರು! ಆದರೆ ಈಗಿನ ಆರ್‌ಸಿಸಿ ಮನೆ ನೋಡಿ. ಏಳಡಿಗೆ ಲಿಂಟಲ್, ಹತ್ತಡಿಗೆ ಚಾವಣಿ. ಕಿಟಕಿ, ಬಾಗಿಲು ಎಲ್ಲ ಹಾರುಹೊಡೆದು ತೆರೆದರೂ ಮೇಲಿನ ಮೂರಡಿಗೆ ದಾರಿಯೇ ಇಲ್ಲ. ಅದು ತಲೆಕೆಳಗಾದ ತೊಟ್ಟಿ. ವೆಂಟಿಲೇಟರಿಗೆ ಗಾಜು ಕೂರಿಸಿ, ಸಾಲದೆಂದು ಫಾಲ್ಸ್ ಸೀಲಿಂಗ್ ಹೊಡೆಸಿದವರ ಮನೆಯಲ್ಲಂತೂ ತೊಟ್ಟಿಯೊಳಗೊಂದು ತೊಟ್ಟಿ. ಪೈಪಿನ ಗ್ಯಾಸು ಹಗುರ, ಹಾರಿಹೋಗುತ್ತದೆ, ಭಯವೇ ಇಲ್ಲ ಎನ್ನುವವರು ಇಂಥ ಅಡುಗೆಮನೆಯಲ್ಲೊಮ್ಮೆ ತಲೆ ಎತ್ತಿ ನೋಡಬೇಕು.

ಈಗ ಲೆಕ್ಕಕ್ಕೆ ಬನ್ನಿ, ನಿಜವಾದ ಬೆರಗು ಇರುವುದು ಇಲ್ಲೇ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯ ಅಡುಗೆಮನೆ ಇಟ್ಟುಕೊಳ್ಳೋಣ. ಹಾಲು ಉಕ್ಕಿ ಉರಿ ನಂದಿದೆ, ಯಾರೂ ನೋಡಿಲ್ಲ, ಬರ್ನರ್ ತೆರೆದೇ ಇದೆ. ಗ್ಯಾಸು ಎಷ್ಟಿದ್ದರೂ ಉರಿಯುವುದಿಲ್ಲ, ಗಾಳಿಯೊಡನೆ ಒಂದು ಪ್ರಮಾಣಕ್ಕೆ ಬೆರೆಯಬೇಕು. ಸಿಲಿಂಡರ್ ಗ್ಯಾಸಿಗೆ ನೂರರಲ್ಲಿ ಸುಮಾರು ಎರಡು ಪಾಲು ಸಾಕು, ಮೀಥೇನಿಗೆ ಐದು ಪಾಲು ಬೇಕು. ಇಡೀ ಕೋಣೆಗೆ ಸಮನಾಗಿ ಎರಡು ಪಾಲು ಬೆರೆಯಬೇಕಾದರೆ ಒಂದು ಕೆ.ಜಿ.ಗೂ ಹೆಚ್ಚು ಗ್ಯಾಸು ಸೋರಬೇಕು. ಆದರೆ ಅದು ಕೋಣೆಯೆಲ್ಲ ಹರಡುವುದಿಲ್ಲವಲ್ಲ! ನೆಲದ ಒಂದಡಿ ಪದರದಲ್ಲೇ ನಿಂತರೆ ಬೇಕಾದದ್ದು ಹೆಚ್ಚೆಂದರೆ 120 ಗ್ರಾಂ. 14.2 ಕೆ.ಜಿ. ಸಿಲಿಂಡರಿನಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಗಂಟೆಗೆ 150 ಗ್ರಾಂ ಕುಡಿಯುವ ಸಾಧಾರಣ ಬರ್ನರ್ ಅಷ್ಟನ್ನು ಸುಮಾರು 48 ನಿಮಿಷದಲ್ಲಿ ಬಿಟ್ಟುಬಿಡುತ್ತದೆ.

ಪೈಪಿನ ಗ್ಯಾಸಿಗೂ ಇದೇ ಲೆಕ್ಕ ಹಾಕಿ. ಚಾವಣಿಯ ಕೆಳಗಿನ ಒಂದಡಿ ಪದರಕ್ಕೆ ಐದು ಪಾಲು ಬೆರೆಯಲು ಸುಮಾರು 140 ಲೀಟರ್ ಮೀಥೇನ್ ಬೇಕು. ಅಷ್ಟೇ ಶಾಖ ಕೊಡುವ ಪೈಪ್ ಒಲೆಯ ಬರ್ನರ್ ಗಂಟೆಗೆ ಸುಮಾರು 190 ಲೀಟರ್ ಬಿಡುತ್ತದೆ. ಎಷ್ಟು ಹೊತ್ತಾಯಿತು? ಸುಮಾರು 45 ನಿಮಿಷ!

ನಲವತ್ತೆಂಟು, ನಲವತ್ತೈದು. ಎರಡು ಪಾಲು ಎಲ್ಲಿ, ಐದು ಪಾಲು ಎಲ್ಲಿ, ಆದರೂ ಗಡಿಯಾರ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಕಾಕತಾಳೀಯವೇ? ಅಲ್ಲವೇ ಅಲ್ಲ. 1911ರಲ್ಲೇ ಬರ್ಜೆಸ್ ಮತ್ತು ವೀಲರ್ ಎಂಬ ಇಬ್ಬರು ಇದನ್ನು ಕಂಡುಹಿಡಿದಿದ್ದರು. ಈ ಜಾತಿಯ ಅನಿಲಗಳು ಹತ್ತಿಕೊಳ್ಳುವ ಕನಿಷ್ಠ ಮಿಶ್ರಣದಲ್ಲಿ ಅಡಗಿರುವ ಶಾಖ ಹೆಚ್ಚುಕಡಿಮೆ ಒಂದೇ. ಮೀಥೇನಿನಲ್ಲಿ ಲೀಟರಿಗೆ ಕಸುವು ಕಡಿಮೆ, ಅದಕ್ಕೇ ಪಾಲು ಜಾಸ್ತಿ ಬೇಕು. ಆದರೆ ಕಸುವು ಕಡಿಮೆಯೆಂದೇ ಒಲೆಗೂ ಅದನ್ನು ಜಾಸ್ತಿ ಹರಿಸಬೇಕು. ಎರಡೂ ಒಂದನ್ನೊಂದು ಹೊಡೆದುಹಾಕಿಬಿಟ್ಟವು. ಐದು ಪಾಲು ತುಂಬಲು ಹೊತ್ತು ಹಿಡಿಯುತ್ತದೆ ಎಂಬ ಧೈರ್ಯ ತೆರೆದ ಬರ್ನರಿನ ಮುಂದೆ ನಿಲ್ಲುವುದಿಲ್ಲ.

ಪೈಪ್ ಸಂಪರ್ಕ ಕೊಡುವಾಗ ಫಿಟ್ಟರ್ ಬಂದು, "ಅಕ್ಕಾ, ಇದರ ಜೆಟ್ ಬದಲಾಯ್ಸಬೇಕು, ತೂತು ಸಾಲಲ್ಲ" ಎನ್ನುವುದೂ ಇದಕ್ಕೇ. ಸಿಲಿಂಡರಿನ ಜೆಟ್ಟಿನ ಸಣ್ಣ ತೂತಿನಲ್ಲಿ ಮೀಥೇನ್ ಬಿಟ್ಟರೆ ಉರಿ ಸೊರಗಿ ಗೊಂಬೆಯಾಟದ ದೀಪದಂತಾಗುತ್ತದೆ. ಉಲ್ಟಾ ಮಾಡಿ ನೋಡಿ: ದೊಡ್ಡ ತೂತಿನ ಜೆಟ್ ಇರುವ ಒಲೆಗೆ ಸಿಲಿಂಡರ್ ಕಟ್ಟಿದರೆ ಹಳದಿ ನಾಲಿಗೆ ಚಾಚಿ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಮನೆ ಬದಲಿಸಿ ಹಳೇ ಒಲೆ ಹೊತ್ತುಕೊಂಡು ಹೋದವರು ಮೊದಲು ನೋಡಬೇಕಾದ್ದು ಆ ಹಳದಿಯನ್ನೇ.

ಇನ್ನೊಂದು ಅಚ್ಚರಿ ಇದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಸಿಲಿಂಡರಿನ ಶುದ್ಧ ಗ್ಯಾಸು ಗಾಳಿಗಿಂತ ಬಹಳ ಭಾರ, ಸರಿ. ಆದರೆ ಗಾಳಿಯಲ್ಲಿ ಬೆರೆತು ಎರಡು ಪಾಲಿಗೆ ತೆಳುವಾದಾಗ? ಆ ಮಿಶ್ರಣ ಗಾಳಿಗಿಂತ ನೂರಕ್ಕೆ ಒಂದೂವರೆ ಪಾಲು ಭಾರ, ಅಷ್ಟೇ! ಅಂದರೆ ಐದು ಡಿಗ್ರಿ ತಣ್ಣಗಿರುವ ಗಾಳಿ ಎಷ್ಟು ಭಾರವೋ ಅಷ್ಟು. ಐದು ಪಾಲು ಮೀಥೇನ್ ಬೆರೆತದ್ದೂ ಅಷ್ಟೇ, ಏಳು ಡಿಗ್ರಿ ಬೆಚ್ಚಗಿನ ಗಾಳಿಯಷ್ಟು ಹಗುರ. ಹಾಗಾದರೆ ನೆಲದ ಪದರ, ಚಾವಣಿಯ ಪದರ ಎಂದೆನಲ್ಲ, ಅವುಗಳನ್ನು ಹಿಡಿದಿಟ್ಟಿರುವುದು ಇಷ್ಟು ನವಿರಾದ ತೂಕದ ವ್ಯತ್ಯಾಸ. ಬಾಗಿಲು ಬಡಿದರೂ, ಯಾರಾದರೂ ನಡೆದಾಡಿದರೂ, ಬಿಸಿಲಿಗೆ ಗೋಡೆ ಕಾದರೂ ಪದರ ಕಲಕುತ್ತದೆ. ಕಲಕಿ ಬೆರೆತದ್ದು ಮತ್ತೆ ಬೇರೆಯಾಗಿ ಕೆಳಗೆ ಕೂರುವುದಿಲ್ಲ, ಮೇಲೆ ಏರುವುದೂ ಇಲ್ಲ. ರಾತ್ರಿ ಬಾಗಿಲು ಮುಚ್ಚಿ, ನೆಲ ತಣ್ಣಗಿದ್ದು, ಗಾಳಿ ಅಲುಗದೆ ಇದ್ದಾಗ ಮಾತ್ರ ಪದರ ಗಟ್ಟಿಯಾಗಿ ನಿಲ್ಲುತ್ತದೆ. ಬೆಳಗಿನ ಜಾವ ಎದ್ದು ಅಡುಗೆಮನೆ ಬಾಗಿಲು ತೆಗೆದ ಕೂಡಲೇ ಸ್ವಿಚ್ಚಿಗೆ ಕೈ ಹಾಕಬೇಡಿ, ಮೊದಲು ಮೂಸಿ ಎನ್ನುವುದು ಇದಕ್ಕಾಗಿ.

ಕಿಡಿಯ ಎತ್ತರವನ್ನೂ ನೋಡಬೇಕು. ಸಿಲಿಂಡರ್ ಇರುವ ಮನೆಯಲ್ಲಿ ನೆಲಮಟ್ಟದ ಕಿಡಿ ಮುಖ್ಯ: ಫ್ರಿಡ್ಜಿನ ಕಂಪ್ರೆಸರ್ ಪಕ್ಕದಲ್ಲಿ, ಯಾರೂ ಮುಟ್ಟದೆ ತಾನಾಗಿ ಟಕ್ ಎಂದು ಆನ್ ಆಗುವ ರಿಲೇ, ಗೂಡಿನಲ್ಲಿರದೆ ಮಣೆಯ ಮೇಲಿರುವ ದೇವರ ದೀಪ. ವಾಸನೆ ಬಂದ ಮೇಲೆ ಫ್ರಿಡ್ಜನ್ನು ಆಫ್ ಮಾಡಲು ಹೋಗುವುದೂ ಅಷ್ಟೇ ಅಪಾಯ, ಸ್ವಿಚ್ಚೇ ಕಿಡಿ. ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು ಫೋನು ಮಾಡಬೇಕು. ಎಲ್‌ಪಿಜಿಗೆ 1906. ಮದ್ದೂರಿನ ಹೆದ್ದಾರಿ ಹೋಟೆಲುಗಳಲ್ಲಿ ವಡೆ ಕರಿಯುವ ಹಿಂಬದಿ ನೋಡಿ, 19 ಕೆ.ಜಿ.ಯ ಸಿಲಿಂಡರುಗಳನ್ನು ಸಾಲಾಗಿ ಪೋಣಿಸಿರುತ್ತಾರೆ. ಆ ಸಾಲು ಬಯಲಲ್ಲಿದ್ದರೆ ಗಾಳಿ ನೋಡಿಕೊಳ್ಳುತ್ತದೆ. ಪಕ್ಕದಲ್ಲೇ ತೆರೆದ ಚರಂಡಿ ಇದ್ದರೆ ಅದು ಸೋರಿದ ಗ್ಯಾಸಿಗೆ ಸಿದ್ಧ ಕಾಲುವೆ.

ಒತ್ತಡದ ಕಥೆ ಚಿಕ್ಕದು, ಆದರೆ ಹೇಳದೆ ಬಿಡುವಂತಿಲ್ಲ. ಪೈಪಿನ ಗ್ಯಾಸು ಒಲೆಗೆ ಬರುವಾಗ ಅದರ ಒತ್ತಡ 21 ಮಿಲಿಬಾರ್, ಸಿಲಿಂಡರ್ ರೆಗ್ಯುಲೇಟರ್ ಕೊಡುವುದು 30. ಅಂಥ ವ್ಯತ್ಯಾಸವೇನಲ್ಲ. ವ್ಯತ್ಯಾಸ ಇರುವುದು ರೆಗ್ಯುಲೇಟರಿನ ಹಿಂದೆ. ಸಿಲಿಂಡರಿನೊಳಗೆ ದ್ರವವಿದೆ, ಅದು ಆವಿಯಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಕಡೆಯ ಹನಿಗೆಂದು ಸಿಲಿಂಡರ್ ಮಲಗಿಸುವ ಅಭ್ಯಾಸ ಇದೆಯಲ್ಲ, ಆಗ ವಾಲ್ವಿನಲ್ಲಿ ಆವಿಯ ಬದಲು ದ್ರವವೇ ಬರಬಹುದು. ಪೈಪಿನಲ್ಲಿ ದ್ರವದ ಮಾತೇ ಇಲ್ಲ. ಆದರೆ ಸಿಲಿಂಡರ್ ಯಾವತ್ತಾದರೂ ಖಾಲಿಯಾಗುತ್ತದೆ, ಪೈಪು ವಾಲ್ವ್ ಮುಚ್ಚುವ ತನಕ ಕೊಡುತ್ತಲೇ ಇರುತ್ತದೆ.

ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ಕೊಳ್ಳುವವರಿಗೆ ತೂಕದ ಪಾಠವೆಲ್ಲ ಒಂದು ಮೊಳೆಯಲ್ಲಿ ಮುಗಿಯುತ್ತದೆ: ಸಿಲಿಂಡರ್ ಇದ್ದರೆ ನೆಲದಿಂದ ಒಂದಡಿಯೊಳಗೆ ಹೊಡೆಯಿರಿ, ಪೈಪ್ ಇದ್ದರೆ ಚಾವಣಿಯಿಂದ ಒಂದಡಿಯೊಳಗೆ. ಸಿಲಿಂಡರ್ ಬಿಟ್ಟು ಪೈಪಿಗೆ ಬಂದವರು ಹಳೇ ಡಿಟೆಕ್ಟರನ್ನು ಕೆಳಗೇ ಬಿಟ್ಟರೆ ಅದು ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೂತಿರುತ್ತದೆ.

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕೊಟ್ಟಿಗೆ ಪಕ್ಕ ಇರುವ ಗೋಬರ್ ಗ್ಯಾಸ್ ತೊಟ್ಟಿಯನ್ನು ಈ ತಕ್ಕಡಿಗೆ ಹಾಕಿ ನೋಡಿದೆ. ಅದರಲ್ಲಿ ಸುಮಾರು ಅರವತ್ತು ಪಾಲು ಮೀಥೇನ್, ಉಳಿದದ್ದು ಬಹುತೇಕ ಭಾರದ ಇಂಗಾಲದ ಡೈಆಕ್ಸೈಡ್. ಒಂದು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಕೂಡಿಸಿದರೆ ಗಾಳಿಯ ತೂಕದ ನೂರಕ್ಕೆ ತೊಂಬತ್ತನಾಲ್ಕು ಪಾಲು! ಹೆಚ್ಚುಕಡಿಮೆ ಗಾಳಿಯೇ. ಸೋರಿದರೆ ಅದು ನೆಲವನ್ನೂ ಬಯಸುವುದಿಲ್ಲ, ಸೂರನ್ನೂ ಹುಡುಕುವುದಿಲ್ಲ, ಸೋರಿದ ಜಾಗದ ಸುತ್ತಲೇ ಸುಳಿಯುತ್ತ ಗಾಳಿ ಬೀಸಿದತ್ತ ಹೋಗುತ್ತದೆ. ಅದಕ್ಕೆ ಡಿಟೆಕ್ಟರ್ ಹಾಕುವುದಾದರೆ ಎತ್ತರದ ಚಿಂತೆ ಬಿಟ್ಟು, ಒಲೆಗೂ ಪೈಪಿನ ಕೀಲಿಗೂ ಹತ್ತಿರ ಹಾಕಬೇಕು.